ನಮ್ಮೂರನ್ನು ಕಾಣದ ಚಿತ್ರಕಾರನಿಗೆ ಚಿತ್ರ ಹೇಳುವುದು: ಗ್ರಂಥಾಲಯದ ಸ್ವಯಂಸೇವಕರಿಗೆ ಪ್ರಾಂಪ್ಟ್ ಪರಿಚಯ

ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿಗೆ ಮಕ್ಕಳು ಬರುವುದು ಹೆಚ್ಚಿತು. ಇಂದು ‘ಅರಿವು ಕೇಂದ್ರ’ ಎಂಬ ಫಲಕ ಹೊತ್ತಿರುವ ಈ ಕೊಠಡಿಗಳಲ್ಲಿ ಮೇಲ್ವಿಚಾರಕರ ಜೊತೆಗೆ ಊರಿನ ಯುವಕ ಯುವತಿಯರು ಬಿಡುವಿನ ವೇಳೆಯಲ್ಲಿ ಕಥೆ ಹೇಳುತ್ತಾರೆ, ಚಿತ್ರಪಟ ಅಂಟಿಸುತ್ತಾರೆ, ಮಕ್ಕಳಿಂದ ಓದಿಸುತ್ತಾರೆ. ಚಿತ್ರಪಟ ಬೇಕೆನಿಸಿದಾಗ ಅವರ ಕೈ ಈಗ ಮೊಬೈಲಿನಲ್ಲಿರುವ ಚಿತ್ರ ರಚಿಸುವ ತಂತ್ರಾಂಶದ ಕಡೆಗೆ ಹೋಗುತ್ತದೆ. ಒಂದು ಸಾಲು ಬರೆದರೆ ಅರೆ ನಿಮಿಷದಲ್ಲಿ ಚಿತ್ರ ಬರುತ್ತದೆ, ಆದರೆ ಅದು ಬೇಕಾದ ಚಿತ್ರವಾಗಿರುವುದಿಲ್ಲ. ಆ ಸಾಲಿಗೆ, ಅಂದರೆ ಪ್ರಾಂಪ್ಟಿಗೆ, ಅರ್ಧ ಗಂಟೆಯ ಮಾತಿನಲ್ಲಿ ಇಂಥ ಸ್ವಯಂಸೇವಕರನ್ನು ಪರಿಚಯಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಇಂಥ ತರಬೇತಿಗಳು ಹೆಚ್ಚಾಗಿ ಒಂದು ಪಟ್ಟಿಯಿಂದ ಶುರುವಾಗುತ್ತವೆ: ಮೊದಲು ವಸ್ತು ಹೇಳಿ, ಆಮೇಲೆ ಶೈಲಿ ಹೇಳಿ, ಬೆಳಕು ಹೇಳಿ, ಕ್ಯಾಮೆರಾದ ಕೋನ ಹೇಳಿ. ಪಟ್ಟಿ ತಪ್ಪಲ್ಲ. ಆದರೆ ಯಾವುದನ್ನು ಏಕೆ ಹೇಳಬೇಕು ಎಂಬುದು ತಿಳಿಯದವರಿಗೆ ಅದು ಬಾಯಿಪಾಠವಾಗಿ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಮಾತು ಒಂದೇ ಪ್ರಶ್ನೆಯಿಂದ ಶುರುವಾಗಬೇಕು: ನಾವು ಹೇಳದೆ ಬಿಟ್ಟದ್ದನ್ನು ಯಾರು ತುಂಬುತ್ತಾರೆ, ಯಾವುದರಿಂದ ತುಂಬುತ್ತಾರೆ?

ಇದಕ್ಕೆ ಶಾಲೆಯ ಗೋಡೆಗೆ ಚಿತ್ರ ಬರೆಯುವ ಕಲಾವಿದರ ಹೋಲಿಕೆ ಸಾಕು. ಪಕ್ಕದ ತಾಲ್ಲೂಕಿನ ಕಲಾವಿದರಿಗೆ ಫೋನಿನಲ್ಲಿ ‘ಒಂದು ಹಳ್ಳಿಯ ಚಿತ್ರ ಬರೆದುಕೊಡಿ’ ಎಂದರೆ ಅವರು ಕೂಡಲೇ ಮರುಪ್ರಶ್ನೆ ಹಾಕುತ್ತಾರೆ. ಮಲೆನಾಡಿನ ಹಳ್ಳಿಯೋ ಬಯಲುಸೀಮೆಯದೋ, ಹೆಂಚಿನ ಮನೆಯೋ ಮಾಳಿಗೆ ಮನೆಯೋ, ಜನ ಇರಬೇಕೋ ಬೇಡವೋ ಎಂದು ಕೇಳಿ ತಿಳಿದುಕೊಂಡೇ ಬಣ್ಣ ಕಲಸುತ್ತಾರೆ. ಈಗ ಇನ್ನೊಬ್ಬ ಚಿತ್ರಕಾರನನ್ನು ಕಲ್ಪಿಸಿಕೊಳ್ಳಿ ಎಂದು ಸ್ವಯಂಸೇವಕರಿಗೆ ಹೇಳಬೇಕು. ಅವನು ನಮ್ಮೂರಿಗೆ ಬಂದವನಲ್ಲ. ಆದರೆ ಕೋಟ್ಯಂತರ ಚಿತ್ರಗಳನ್ನು, ಅವುಗಳ ಕೆಳಗೆ ಬರೆದಿದ್ದ ವಿವರಣೆಯ ಸಾಲುಗಳ ಸಮೇತ, ನೋಡಿದ್ದಾನೆ. ಅವನ ಕೈ ಬಹಳ ಚುರುಕು. ಅವನು ಮರುಪ್ರಶ್ನೆ ಕೇಳುವುದು ಅಪರೂಪ. ನಾವು ಮಾತು ನಿಲ್ಲಿಸಿದ ಕ್ಷಣದಲ್ಲೇ ಬರೆಯಲು ಶುರುಮಾಡುತ್ತಾನೆ, ಹೇಳದೆ ಉಳಿದಲ್ಲೆಲ್ಲ ತಾನು ಅತಿ ಹೆಚ್ಚು ಸಲ ನೋಡಿದ್ದನ್ನು ಇಡುತ್ತಾನೆ.

ಹೋಲಿಕೆ ಎಲ್ಲಿಯವರೆಗೆ ಸರಿ ಎಂಬುದನ್ನೂ ಅಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಂಥ ತಂತ್ರಾಂಶಗಳಲ್ಲಿ ಬಹುಪಾಲು ಮನುಷ್ಯರಂತೆ ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬುವುದಿಲ್ಲ. ಸಿಗ್ನಲ್ ಇಲ್ಲದ ಟಿ.ವಿ. ಪರದೆಯಲ್ಲಿ ಕಾಣುವಂಥ ಚುಕ್ಕಿಗಳ ಗದ್ದಲದಿಂದ ಅವು ಆರಂಭಿಸುತ್ತವೆ. ನಮ್ಮ ಮಾತುಗಳಿಗೆ ಹೊಂದುವ ದಿಕ್ಕಿನಲ್ಲಿ ಆ ಗದ್ದಲವನ್ನು ಹಂತಹಂತವಾಗಿ ಕಡಿಮೆ ಮಾಡುತ್ತ ಇಡೀ ಚಿತ್ರವನ್ನು ಒಟ್ಟಿಗೇ ಹೊರತರುತ್ತವೆ. ಒಂದೇ ಸಾಲನ್ನು ಎರಡು ಸಲ ಕೊಟ್ಟರೆ ಎರಡು ಬೇರೆ ಚಿತ್ರ ಬರುವುದಕ್ಕೆ ಇದೇ ಕಾರಣ: ಪ್ರತಿ ಸಲವೂ ಆರಂಭದ ಚುಕ್ಕಿಗಳು ಬೇರೆ. ಇದಕ್ಕಿಂತ ಹೆಚ್ಚಿನ ತಾಂತ್ರಿಕ ವಿವರ ಮೊದಲ ಮಾತಿನಲ್ಲಿ ಬೇಕಿಲ್ಲ.

ಇನ್ನು ಉದಾಹರಣೆ. ಮಕ್ಕಳಿಗೆ ನಮ್ಮ ಊಟದ ಬಗ್ಗೆ ಕಥೆ ಹೇಳುವ ದಿನ ಗೋಡೆಗೆ ಒಂದು ಚಿತ್ರ ಬೇಕು, ಅದರಲ್ಲಿ ಅಜ್ಜಿ ರಾಗಿ ಮುದ್ದೆ ಮಾಡುತ್ತಿರಬೇಕು ಎಂದುಕೊಳ್ಳೋಣ. ಸ್ವಯಂಸೇವಕರು ಮೊದಲು ಬರೆಯುವ ಸಾಲು ಸಾಮಾನ್ಯವಾಗಿ ಇಷ್ಟೇ ಇರುತ್ತದೆ: ‘ಹಳ್ಳಿಯ ಅಜ್ಜಿ ರಾಗಿ ಮುದ್ದೆ ಮಾಡುತ್ತಿದ್ದಾಳೆ.’ ಇಂಥ ಸಾಲಿಗೆ ಬರುವ ಚಿತ್ರದಲ್ಲಿ ಜರಿಯಂಚಿನ ಕೆಂಪು ಸೀರೆ, ಕೊರಳ ತುಂಬ ಒಡವೆ, ಸುತ್ತ ಹೊಳೆಯುವ ಹಿತ್ತಾಳೆ ಪಾತ್ರೆಗಳು, ಕಿಟಕಿಯಿಂದ ಕೋಲುಕೋಲಾಗಿ ಬೀಳುವ ಹೊಂಬಿಸಿಲು ಕಾಣುವುದುಂಟು. ಅಜ್ಜಿಯ ಮುಂದಿನ ತಟ್ಟೆಯಲ್ಲಿ ಲಾಡಿನ ಗಾತ್ರದ ಕಂದು ಉಂಡೆಗಳು ಗೋಪುರದಂತೆ ಜೋಡಿಸಿರುತ್ತವೆ. ಚಿತ್ರ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಮುದ್ದೆ ಉಂಡು ಬೆಳೆದ ಯಾವ ಮಗುವೂ ಅದನ್ನು ಮುದ್ದೆ ಎಂದು ಒಪ್ಪುವುದಿಲ್ಲ.

ಇಲ್ಲಿ ಮಾತನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ಚಿತ್ರದಲ್ಲಿರುವ ಯಾವ ಯಾವ ವಸ್ತುವನ್ನು ನಾವು ಹೇಳಿರಲಿಲ್ಲ ಎಂದು ಸ್ವಯಂಸೇವಕರಿಂದಲೇ ಹಲಗೆಯ ಮೇಲೆ ಬರೆಸಬೇಕು. ಸೀರೆಯ ಬಣ್ಣ ಹೇಳಿರಲಿಲ್ಲ, ಒಡವೆ ಹೇಳಿರಲಿಲ್ಲ, ಪಾತ್ರೆ ಯಾವ ಲೋಹದ್ದೆಂದು ಹೇಳಿರಲಿಲ್ಲ, ಬೆಳಕು ಎಲ್ಲಿಂದ ಬರಬೇಕೆಂದೂ ಹೇಳಿರಲಿಲ್ಲ. ಭಾರತದ ಹಳ್ಳಿ ಎಂಬ ವಿವರಣೆ ಹೊತ್ತು ಅಂತರಜಾಲದಲ್ಲಿ ಓಡಾಡುವ ಚಿತ್ರಗಳಲ್ಲಿ ಪ್ರವಾಸಿಗರು ತೆಗೆದವು, ಜಾಹೀರಾತಿಗೆ ತೆಗೆದವು, ಹಬ್ಬದ ದಿನ ತೆಗೆದವು ಬಹಳ. ಖಾಲಿ ಜಾಗಗಳನ್ನು ಚಿತ್ರಕಾರ ಅವುಗಳಿಂದ ತುಂಬಿದ್ದಾನೆ. ಮುದ್ದೆಯ ವಿಷಯ ಇನ್ನೂ ಸ್ಪಷ್ಟ. ಅವನು ನೋಡಿದ ಚಿತ್ರಗಳಲ್ಲಿ ‘ರಾಗಿ ಮುದ್ದೆ’ ಎಂಬ ವಿವರಣೆ ಇದ್ದವು ಬೆರಳೆಣಿಕೆಯಷ್ಟಿರಬಹುದು, ಭಾರತದ ಕಂದು ಬಣ್ಣದ ದುಂಡನೆಯ ತಿನಿಸು ಎಂಬಂಥವು ಲಕ್ಷಗಟ್ಟಲೆ ಇರಬಹುದು. ಹಾಗಾಗಿ ಮುದ್ದೆ ಲಾಡಿನ ಕಡೆಗೆ ವಾಲುತ್ತದೆ.

ಇದರಿಂದ ಹೊರಡುವ ಮೊದಲ ಪಾಠವೆಂದರೆ, ಹೆಸರು ಸಾಲದಾದಾಗ ರೂಪವನ್ನು ಹೇಳಬೇಕು. ಮುದ್ದೆ ಎಂದರೇನು ಎಂದು ಅದನ್ನು ಎಂದೂ ಕಾಣದವರಿಗೆ ಹೇಳಿ ಎಂದರೆ ಸ್ವಯಂಸೇವಕರಲ್ಲಿ ಮೊದಲಿಗೆ ಬರುವ ಉತ್ತರಗಳು ‘ಆರೋಗ್ಯಕ್ಕೆ ಒಳ್ಳೆಯದು’, ‘ಮಂಡ್ಯ, ಹಾಸನ, ತುಮಕೂರಿನ ಕಡೆ ಉಣ್ಣುತ್ತಾರೆ’ ಎಂಬ ಬಗೆಯವು. ಇವು ನಿಜ, ಆದರೆ ಇವುಗಳಲ್ಲಿ ಒಂದನ್ನೂ ಕಣ್ಣಿನಿಂದ ನೋಡಲಾಗದು. ಕಣ್ಣಿಗೆ ಕಾಣುವುದನ್ನಷ್ಟೇ ಹೇಳಿ ಎಂದು ಒತ್ತಾಯಿಸಿದರೆ ಬೇರೆ ಮಾತುಗಳು ಬರುತ್ತವೆ: ಕೆಂಪು ಬೆರೆತ ಗಾಢ ಕಂದು ಬಣ್ಣ, ಟೆನಿಸ್ ಚೆಂಡಿಗಿಂತ ಸ್ವಲ್ಪ ದಪ್ಪ, ಒದ್ದೆ ಕೈಯಲ್ಲಿ ಕಟ್ಟಿದ್ದರಿಂದ ನುಣುಪಾದ ಹೊಳೆಯುವ ಮೈ, ತಳ ತುಸು ಚಪ್ಪಟೆ, ಮೇಲೆ ಏಳುತ್ತಿರುವ ಹಬೆ. ತಟ್ಟೆಗೆ ಒಂದೇ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು. ಇಷ್ಟು ಹೇಳಿದರೆ ‘ಮುದ್ದೆ’ ಎಂಬ ಪದ ತಿಳಿಯದವನೂ ಅದರ ಹತ್ತಿರಕ್ಕೆ ಬರಬಲ್ಲ. ಹೆಸರನ್ನು ಬಿಡಬೇಕಿಲ್ಲ, ಹೆಸರಿನ ಜೊತೆಗೆ ರೂಪವನ್ನೂ ಇಡಬೇಕು.

ಎರಡನೆಯದು ಕ್ಷಣದ ಆಯ್ಕೆ. ಇದಕ್ಕೆ ನಾನು ಅರ್ಧ ಗಂಟೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕೆನ್ನುತ್ತೇನೆ, ಏಕೆಂದರೆ ಹೆಚ್ಚಿನ ಪ್ರಾಂಪ್ಟುಗಳು ಕೆಡುವುದು ಇಲ್ಲಿಯೇ. ‘ಮುದ್ದೆ ಮಾಡುವುದು’ ಎಂಬುದು ಒಂದು ನೋಟವಲ್ಲ, ಕೆಲಸಗಳ ಸರಣಿ. ನೀರು ಕಾಯಿಸಬೇಕು, ಕುದಿಯುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿಯಬೇಕು, ಕಲಕದೆ ಬೇಯಲು ಬಿಡಬೇಕು, ಆಮೇಲೆ ಪಾತ್ರೆಯನ್ನು ಭದ್ರವಾಗಿ ಹಿಡಿದು ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು, ಕೊನೆಗೆ ನೀರು ಸವರಿದ ಮಣೆಯ ಮೇಲೆ ತೋಡಿಕೊಂಡು ಒದ್ದೆ ಕೈಯಿಂದ ಕಟ್ಟಬೇಕು. ಚಿತ್ರದಲ್ಲಿ ಇದರ ಒಂದು ಕ್ಷಣಕ್ಕೆ ಮಾತ್ರ ಜಾಗವಿದೆ. ಯಾವುದೆಂದು ನಾವು ಆರಿಸದಿದ್ದರೆ ಒಲೆಯ ಮೇಲಿನ ಪಾತ್ರೆ, ಕೈಯಲ್ಲಿ ಚಮಚ, ಆಗಲೇ ಸಿದ್ಧವಾದ ಉಂಡೆಗಳು ಎಲ್ಲವೂ ಒಟ್ಟಿಗೆ ಬರುತ್ತವೆ, ಅಜ್ಜಿ ಏನು ಮಾಡುತ್ತಿದ್ದಾಳೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಶಾಲೆಯ ಗೋಡೆಗೆ ಬರೆಯುವ ಕಲಾವಿದರೂ ಇದನ್ನೇ ಕೇಳುತ್ತಾರೆ: ‘ಅಜ್ಜಿ ತೊಳಸ್ತಾ ಇರಬೇಕಾ ಸಾರ್, ಕಟ್ತಾ ಇರಬೇಕಾ?’

ಕಟ್ಟುವ ಕ್ಷಣವನ್ನೇ ಆರಿಸಿದರೆ ಪ್ರಾಂಪ್ಟ್ ಹೀಗಾಗುತ್ತದೆ:

‘ಸುಮಾರು 70 ವರ್ಷದ ಅಜ್ಜಿ ಅಡುಗೆಮನೆಯ ಸಿಮೆಂಟ್ ನೆಲದ ಮೇಲೆ ಕುಳಿತಿದ್ದಾಳೆ. ಅವಳ ಮುಂದೆ ನೀರು ಸವರಿದ ಮರದ ಮಣೆ ಇದೆ. ಎರಡೂ ಒದ್ದೆ ಕೈಗಳಿಂದ ಅವಳು ಒಂದೇ ಒಂದು ರಾಗಿ ಮುದ್ದೆಯನ್ನು ಕಟ್ಟುತ್ತಿದ್ದಾಳೆ. ಮುದ್ದೆ ಗಾಢ ಕಂದು ಬಣ್ಣದ್ದು, ಟೆನಿಸ್ ಚೆಂಡಿಗಿಂತ ಸ್ವಲ್ಪ ದಪ್ಪ, ಮೈ ನುಣುಪು, ಮೇಲೆ ಹಬೆ ಏಳುತ್ತಿದೆ. ಅಜ್ಜಿ ಮಾಸಿದ ನೀಲಿ ಹತ್ತಿ ಸೀರೆ ಉಟ್ಟಿದ್ದಾಳೆ, ಕೈಯಲ್ಲಿ ಹಸಿರು ಗಾಜಿನ ಬಳೆಗಳಿವೆ. ಪಕ್ಕದಲ್ಲಿ ಅಲ್ಯೂಮಿನಿಯಂ ಪಾತ್ರೆ. ಬಾಗಿಲಿನಿಂದ ಬರುವ ಬೆಳಗಿನ ಸಾಧಾರಣ ಬೆಳಕು. ಮಕ್ಕಳ ಪುಸ್ತಕದ ಜಲವರ್ಣ ಚಿತ್ರದಂತೆ, ಬಣ್ಣಗಳು ತೆಳುವಾಗಿ. ಅಜ್ಜಿಯ ಕೈ ಮತ್ತು ಮುದ್ದೆ ಚಿತ್ರದ ನಡುವೆ, ಹತ್ತಿರದಿಂದ ಕಾಣುವಂತೆ. ಅಡ್ಡ ಚಿತ್ರ.’

ಪಟ್ಟಿಯಿಂದ ಶುರುಮಾಡುವ ತರಬೇತಿಗಳು ಹೇಳುವ ವಸ್ತು, ಶೈಲಿ, ಬೆಳಕು, ಕೋನ ಎಲ್ಲವೂ ಇದರಲ್ಲಿ ಇವೆ. ಆದರೆ ಒಂದೊಂದೂ ಹಿಂದಿನ ಚಿತ್ರದಲ್ಲಿ ನಮಗೆ ಒಪ್ಪಿಗೆಯಾಗದ ಯಾವುದೋ ಒಂದು ತುಂಬುವಿಕೆಗೆ ಉತ್ತರವಾಗಿ ಬಂದಿದೆ. ನಮಗೆ ಯಾವುದಾದರೂ ನಡೆಯುತ್ತದೆ ಎಂಬ ಕಡೆ ಏನನ್ನೂ ಹೇಳಬೇಕಿಲ್ಲ. ಈ ಪ್ರಾಂಪ್ಟಿನಲ್ಲಿ ಗೋಡೆಯ ಬಣ್ಣವಿಲ್ಲ, ಅಜ್ಜಿಯ ಕೂದಲಿನ ಮಾತಿಲ್ಲ. ಅವನ್ನು ಚಿತ್ರಕಾರನಿಗೆ ಬಿಟ್ಟರೆ ಕಥೆಗೆ ನಷ್ಟವಿಲ್ಲ.

ಎಲ್ಲವನ್ನೂ ಹೇಳಿಬಿಡುವ ಉತ್ಸಾಹಕ್ಕೆ ಒಂದು ಮಿತಿಯಿದೆ. ವಸ್ತುಗಳು ಹೆಚ್ಚಾದಂತೆ ಕೆಲವು ಬಿಟ್ಟುಹೋಗುತ್ತವೆ, ಕೆಲವು ಒಂದರ ಗುಣವನ್ನು ಇನ್ನೊಂದಕ್ಕೆ ಕೊಟ್ಟುಬಿಡುತ್ತವೆ. ಹಸಿರು ಬಳೆ ಎಂದು ಹೇಳಿದ್ದರೆ ಸೀರೆಯ ಅಂಚೂ ಹಸಿರಾಗಬಹುದು, ನೀಲಿ ಸೀರೆಯ ನೀಲಿ ಪಾತ್ರೆಗೆ ಹತ್ತಬಹುದು. ಪದಗಳೆಲ್ಲವೂ ಒಟ್ಟಾಗಿ ಇಡೀ ಚಿತ್ರದ ಮೇಲೆ ಪ್ರಭಾವ ಬೀರುವುದರಿಂದ, ಯಾವ ಬಣ್ಣ ಯಾವ ವಸ್ತುವಿಗೆ ಸೇರಿದ್ದು ಎಂಬ ಕಟ್ಟು ಸಡಿಲವಾಗಿರುತ್ತದೆ. ಮೇಲಿನ ಪ್ರಾಂಪ್ಟಿನಲ್ಲಿ ಪ್ರತಿಯೊಂದು ವಸ್ತುವಿಗೂ ಅದರ ಗುಣವನ್ನು ಒತ್ತಿಕೊಂಡೇ ಇಟ್ಟಿರುವುದು, ಚಿಕ್ಕ ಚಿಕ್ಕ ವಾಕ್ಯ ಬಳಸಿರುವುದು ಇದಕ್ಕಾಗಿ. ಆದರೂ ಬಣ್ಣ ಹರಿದರೆ ಬಣ್ಣಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು ಉತ್ತಮ.

‘ಬೇಡ’ ಎಂಬ ಮಾತಿನ ತೊಂದರೆಯನ್ನು ಪ್ರತ್ಯೇಕವಾಗಿ ತೋರಿಸಬೇಕು, ಏಕೆಂದರೆ ಅದು ಯಾರಿಗೂ ಮೊದಲೇ ಹೊಳೆಯುವುದಿಲ್ಲ. ಮೊದಲ ಚಿತ್ರದಲ್ಲಿ ಒಡವೆ ಹೆಚ್ಚಾಯಿತೆಂದು ‘ಒಡವೆ ಬೇಡ’ ಎಂದು ಸೇರಿಸಿದರೆ, ಒಡವೆ ಹಾಗೆಯೇ ಉಳಿಯುವುದೂ ಕೆಲವೊಮ್ಮೆ ಹೆಚ್ಚುವುದೂ ಉಂಟು. ಚಿತ್ರಗಳ ಕೆಳಗಿನ ವಿವರಣೆಗಳು ಅಲ್ಲಿ ಏನಿದೆ ಎಂಬುದನ್ನು ಹೇಳುತ್ತವೆ. ಏನಿಲ್ಲ ಎಂಬುದನ್ನು ಬರೆದಿಡುವವರು ಎಲ್ಲೋ ಒಬ್ಬರು. ಅಂಥ ವಿವರಣೆಗಳಿಂದ ಕಲಿತ ಚಿತ್ರಕಾರನಿಗೆ ‘ಒಡವೆ’ ಎಂಬ ಪದ ಬಲವಾಗಿ ಕೇಳಿಸುತ್ತದೆ, ‘ಬೇಡ’ ಎಂಬುದು ಮಂದವಾಗಿ. ಹೊಸ ತಂತ್ರಾಂಶಗಳಲ್ಲಿ ಈ ದೋಷ ಬಹಳ ಕಡಿಮೆಯಾಗಿದೆ, ಕೆಲವು ತಂತ್ರಾಂಶಗಳಲ್ಲಿ ಬೇಡವಾದದ್ದನ್ನು ಬರೆಯಲು ಬೇರೆಯೇ ಪೆಟ್ಟಿಗೆ ಇರುತ್ತದೆ. ಅದಿಲ್ಲದ ಕಡೆ ಬೇಡದ್ದರ ಜಾಗಕ್ಕೆ ಬೇಕಾದದ್ದನ್ನು ಕೂರಿಸಬೇಕು. ಕೊರಳಿನ ಒಡವೆ ತಪ್ಪಿಸಲು ‘ಕೊರಳಲ್ಲಿ ಒಂದೆಳೆ ಕರಿಮಣಿ ಸರ ಮಾತ್ರ’ ಎಂದರೆ ಸಾಕು.

ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ, ಅದಕ್ಕೆ ನೇರ ಉತ್ತರ ಕೊಡಬೇಕು. ಚಿತ್ರ ಮತ್ತು ವಿವರಣೆಗಳ ದೊಡ್ಡ ಸಂಗ್ರಹಗಳಲ್ಲಿ ಒಂದಾದ, 2022ರಲ್ಲಿ ಬಿಡುಗಡೆಯಾದ ಲಯಾನ್-5ಬಿ ಎಂಬುದರಲ್ಲಿ ಸುಮಾರು 585 ಕೋಟಿ ಜೋಡಿಗಳಿದ್ದವು. ಅವುಗಳಲ್ಲಿ 230 ಕೋಟಿಗೂ ಹೆಚ್ಚಿನವು ಇಂಗ್ಲಿಷ್ ವಿವರಣೆಯವು, ಉಳಿದ ಎಲ್ಲ ಭಾಷೆಗಳೂ ಮಿಕ್ಕ ಪಾಲನ್ನು ಹಂಚಿಕೊಳ್ಳಬೇಕಾಗಿತ್ತು. ಅದೇ ವರ್ಷ ಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ರಚಿಸುವ ತಂತ್ರಾಂಶದ ಮೊದಲ ಆವೃತ್ತಿಗಳು ಹೆಚ್ಚಾಗಿ ಇಂಗ್ಲಿಷ್ ಪಾಲಿನಿಂದಲೇ ಕಲಿತವು. ಪ್ರಾಂಪ್ಟನ್ನು ಅವು 77 ತುಣುಕುಗಳವರೆಗೆ ಮಾತ್ರ ಓದುತ್ತಿದ್ದವು. ಇಂಗ್ಲಿಷಿನ ಸಾಮಾನ್ಯ ಪದವೊಂದು ಒಂದೇ ತುಣುಕಾದರೆ, ಕನ್ನಡದ ಒಂದು ಪದ ಹಲವು ತುಣುಕುಗಳಾಗಿ ಒಡೆದು, ವಾಕ್ಯ ಮುಗಿಯುವ ಮೊದಲೇ ಜಾಗ ತುಂಬಿಹೋಗುತ್ತಿತ್ತು. ಓದಿದಷ್ಟರಲ್ಲಿಯೂ ಅರ್ಥ ಹತ್ತುತ್ತಿರಲಿಲ್ಲ. ಈಗ ಮಾತುಕತೆಯ ತಂತ್ರಾಂಶಗಳ ಒಳಗೆ ಸಿಗುವ ಚಿತ್ರ ರಚನೆಯಲ್ಲಿ ಪರಿಸ್ಥಿತಿ ಬೇರೆ: ಕನ್ನಡವನ್ನು ಓದಬಲ್ಲ ಭಾಷಾ ಮಾದರಿಯೊಂದು ನಮ್ಮ ಮತ್ತು ಚಿತ್ರಕಾರನ ನಡುವೆ ಮಧ್ಯವರ್ತಿಯಾಗಿ ಇರುತ್ತದೆ. ಅಂಥ ಕಡೆ ಕನ್ನಡದಲ್ಲಿ ಬರೆಯುವುದೇ ಸರಿ, ಏಕೆಂದರೆ ಕನ್ನಡದಲ್ಲಿ ನಾವು ನೋಡಿದ್ದನ್ನು ನೋಡಿದಂತೆ ಹೇಳಬಲ್ಲೆವು.

ಆದರೆ ಇದರಲ್ಲಿಯೇ ಇನ್ನೊಂದು ಸಂಗತಿ ಅಡಗಿದೆ. ಇಂಥ ಕೆಲವು ತಂತ್ರಾಂಶಗಳಲ್ಲಿ ನಾವು ಕೊಟ್ಟ ಚಿಕ್ಕ ಸಾಲನ್ನು ಆ ಮಧ್ಯವರ್ತಿ ಹಿಗ್ಗಿಸಿ, ತನ್ನದೇ ವಿವರಗಳನ್ನು ಸೇರಿಸಿ ಚಿತ್ರಕಾರನಿಗೆ ದಾಟಿಸುತ್ತದೆ. ನಾವು ಹೇಳದ ಹಿತ್ತಾಳೆ ಪಾತ್ರೆ ಚಿತ್ರಕ್ಕೆ ಬಂದದ್ದು ಚಿತ್ರಕಾರನಿಂದಲೋ ಮಧ್ಯವರ್ತಿಯಿಂದಲೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಮುಖ್ಯವಾದದ್ದನ್ನು ಖಾಲಿ ಬಿಡದಿರುವುದು.

ಅಕ್ಷರಗಳ ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ತೊಂದರೆ ಇನ್ನೂ ಹೋಗಿಲ್ಲ. ಚಿತ್ರದ ಮೇಲೆ ‘ರಾಗಿ ಮುದ್ದೆ’ ಎಂದು ಬರೆದುಕೊಡು ಎಂದರೆ ದೂರದಿಂದ ಕನ್ನಡದಂತೆ ಕಾಣುವ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲದ ಗುರುತುಗಳು ಬರಬಹುದು. ‘ದ್ದೆ’ಯಂಥ ಒತ್ತಕ್ಷರದಲ್ಲಿ ಒತ್ತು ಕಳಚಿಹೋಗುವುದು ಅಥವಾ ಪಕ್ಕದ ‘ಮು’ವಿನ ಕೊಂಬಿನ ಜೊತೆ ಕಲೆತುಹೋಗುವುದು ಸಾಮಾನ್ಯ. ಓದು ಕಲಿಯುತ್ತಿರುವ ಮಕ್ಕಳ ಕಣ್ಣ ಮುಂದೆ ತಪ್ಪು ಅಕ್ಷರ ತೂಗುಹಾಕುವುದು ಗ್ರಂಥಾಲಯ ಮಾಡಬಾರದ ಕೆಲಸ. ಚಿತ್ರದ ಮೇಲ್ಭಾಗದಲ್ಲಿ ಖಾಲಿ ಗೋಡೆ ಇರಲಿ ಎಂದು ಪ್ರಾಂಪ್ಟಿನಲ್ಲಿ ಕೇಳಿ, ಮುದ್ರಿಸಿದ ಮೇಲೆ ಅಲ್ಲಿ ಕೈಯಿಂದ ದಪ್ಪಕ್ಷರದಲ್ಲಿ ಬರೆಯುವುದು ಸುಲಭವಾದ, ತಪ್ಪಾಗದ ದಾರಿ.

ತಿದ್ದುವ ಕ್ರಮವನ್ನು ಒಂದೇ ಉದಾಹರಣೆಯಲ್ಲಿ ತೋರಿಸಬಹುದು. ಎರಡನೆಯ ಚಿತ್ರದಲ್ಲಿ ಮುದ್ದೆ ಸರಿಯಾಗಿ ಬಂದು ಮಣೆ ಮಾತ್ರ ಒಣಗಿದೆ ಎಂದಿಟ್ಟುಕೊಳ್ಳೋಣ. ಆಗ ಪೂರ್ತಿ ಪ್ರಾಂಪ್ಟನ್ನು ಬದಲಿಸಿ ಹೊಸದಾಗಿ ಕೊಟ್ಟರೆ ಹೊಸ ಚುಕ್ಕಿಗಳಿಂದ ಹೊಸ ಅಜ್ಜಿಯೇ ಬರುತ್ತಾಳೆ, ಸರಿಯಾಗಿದ್ದ ಮುದ್ದೆಯೂ ಹೋಗುತ್ತದೆ. ತಿದ್ದುವ ಸೌಲಭ್ಯವಿರುವ ತಂತ್ರಾಂಶದಲ್ಲಿ ಅದೇ ಚಿತ್ರವನ್ನು ಇಟ್ಟುಕೊಂಡು ‘ಮಣೆಯ ಮೇಲೆ ನೀರು ಹೊಳೆಯಲಿ, ಬೇರೆ ಯಾವುದೂ ಬದಲಾಗದಿರಲಿ’ ಎಂದು ಕೇಳಬೇಕು. ಆರಂಭದ ಚುಕ್ಕಿಗಳಿಗೆ ಸಂಖ್ಯೆಯೊಂದನ್ನು ಕೊಡುವ ತಂತ್ರಾಂಶಗಳಲ್ಲಿ ಆ ಸಂಖ್ಯೆಯನ್ನು ಹಾಗೆಯೇ ಇಟ್ಟು ಒಂದು ಮಾತನ್ನಷ್ಟೇ ಬದಲಿಸಬಹುದು. ಎರಡರಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವ ಮಾತಿನಿಂದ ಏನಾಯಿತೆಂದು ತಿಳಿಯುತ್ತದೆ.

ಮಣೆ ಒಣಗಿದೆ ಎಂಬುದನ್ನು ಗಮನಿಸುವವರು ಯಾರು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಚಿತ್ರವನ್ನು ಗೋಡೆಗೇರಿಸುವ ಮೊದಲು ಚಿತ್ರದಲ್ಲಿರುವ ಕೆಲಸವನ್ನು ದಿನವೂ ಮಾಡುವವರಿಗೆ ತೋರಿಸಬೇಕು. ಸ್ವಯಂಸೇವಕರು ಬೆರಳು ಐದಿವೆಯೇ ಎಂದು ಎಣಿಸುತ್ತಿರುವಾಗ, ಮನೆಯ ಹಿರಿಯರೊಬ್ಬರು ಒಂದೇ ನೋಟಕ್ಕೆ ‘ಒಣ ಮಣೆ ಮೇಲೆ ಕಟ್ಟಿದ್ರೆ ಅಂಟ್ಕೊಳ್ಳಲ್ವೇನಮ್ಮ?’ ಎಂದುಬಿಡುತ್ತಾರೆ. ಪಕ್ಕದಲ್ಲಿ ರಾಗಿ ತೆನೆ ಇಡು ಎಂದು ಕೇಳಿದ್ದರೆ ಅದನ್ನೂ ಅವರೇ ನೋಡಬೇಕು. ರಾಗಿಯ ತೆನೆ ಮಡಿಸಿದ ಬೆರಳುಗಳಂತೆ ಕವಲೊಡೆದಿರುತ್ತದೆ, ಚಿತ್ರದಲ್ಲಿ ಅದರ ಬದಲು ಮುಳ್ಳಿನ ಗೋಧಿ ತೆನೆ ಬಂದು ಕೂತಿರಬಹುದು. ಗೋಧಿಯ ಚಿತ್ರಗಳು ಜಗತ್ತಿನಲ್ಲಿ ಅಷ್ಟು ಹೆಚ್ಚು.

ಈ ಗೋಧಿ ತೆನೆಯ ತಪ್ಪೇ ಎಲ್ಲಿ ಇಂಥ ಚಿತ್ರ ಬಳಸಬಾರದು ಎಂಬುದನ್ನೂ ತಿಳಿಸುತ್ತದೆ. ಕಥೆಗೆ ಅಜ್ಜಿಯ ಸೀರೆ ಯಾವ ಬಣ್ಣದ್ದಾದರೂ ನಡೆದೀತು. ಆದರೆ ವಿಷದ ಹಾವು, ಔಷಧಿಯ ಗಿಡ, ತಿನ್ನಬಾರದ ಅಣಬೆ ಇವುಗಳನ್ನು ಗುರುತಿಸಲು ಕಲಿಸುವ ಪಟಕ್ಕೆ ರಚಿಸಿದ ಚಿತ್ರ ಸಲ್ಲದು. ಕೊಳಕುಮಂಡಲದ ಮೈಮೇಲಿನ ಗುರುತುಗಳನ್ನು ಚಿತ್ರಕಾರ ‘ಹಾವಿನಂತೆ’ ಬರೆದರೆ, ಅದನ್ನು ನಂಬಿದ ಮಗು ಹೊಲದಲ್ಲಿ ನಿಜವಾದ ಹಾವನ್ನು ಗುರುತಿಸಲಾರದು. ಊರಿನ ವೀರಗಲ್ಲು, ಹಳೆಯ ಕೆರೆಯ ತೂಬು, ದೇವಸ್ಥಾನದ ಕಂಬ ಇವು ಕಣ್ಣೆದುರೇ ಇರುವಾಗ ಅವನ್ನು ಫೋಟೋ ತೆಗೆಯಬೇಕೇ ಹೊರತು ರಚಿಸಬಾರದು. ಅಲ್ಲಿ ನಮಗೆ ಬೇಕಾದದ್ದು ಆ ಒಂದೇ ಕಲ್ಲು, ಚಿತ್ರಕಾರನ ಬಳಿ ಇರುವುದು ಕಲ್ಲುಗಳ ಸರಾಸರಿ. ಗ್ರಂಥಾಲಯಕ್ಕೆ ಬರುವ ಮಕ್ಕಳ ಫೋಟೋವನ್ನು ತಂತ್ರಾಂಶಕ್ಕೆ ಏರಿಸಿ ‘ಇವರಂತೆ ಬರೆ’ ಎನ್ನುವುದನ್ನೂ ಮಾಡಕೂಡದು, ಏಕೆಂದರೆ ಆ ಫೋಟೋ ಆಮೇಲೆ ಎಲ್ಲಿ ಉಳಿಯುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ.

ಗೋಡೆಗೆ ಹಾಕಿದ ಚಿತ್ರದ ಕೆಳಗೆ ‘ಕಂಪ್ಯೂಟರ್ ರಚಿಸಿದ ಚಿತ್ರ’ ಎಂದು ಓದಲು ಬರುವಷ್ಟು ದೊಡ್ಡದಾಗಿ ಬರೆಯಬೇಕು. ಕೊನೆಯ ಪ್ರಾಂಪ್ಟನ್ನು, ತಂತ್ರಾಂಶದ ಹೆಸರು ಮತ್ತು ದಿನಾಂಕದ ಜೊತೆ, ಗ್ರಂಥಾಲಯದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ತಿಂಗಳು ಜೋಳದ ರೊಟ್ಟಿ ತಟ್ಟುವ ಚಿತ್ರ ಬೇಕಾದಾಗ ಸೀರೆ, ಬೆಳಕು, ಜಲವರ್ಣದ ಸಾಲುಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಹೊಸದಾಗಿ ಯೋಚಿಸಬೇಕಾದದ್ದು ರೊಟ್ಟಿಯ ರೂಪ ಮತ್ತು ತಟ್ಟುವ ಕೆಲಸದ ಯಾವ ಕ್ಷಣ ಎಂಬ ಎರಡನ್ನು ಮಾತ್ರ. ತಂತ್ರಾಂಶ ಬದಲಾದಾಗ ಅದೇ ಸಾಲುಗಳಿಗೆ ಬೇರೆ ಬಗೆಯ ಚಿತ್ರ ಬರುವುದರಿಂದ ದಿನಾಂಕ ಬರೆಯುವುದನ್ನು ಮರೆಯಬಾರದು.